ಪತ್ರದ ಕೊನೆಯ ಸಾಲುಗಳು: ಇಪ್ಪತ್ತರ ಯುವಕನ ಎತ್ತರದ ಪ್ರಶ್ನೆ

(ಹಾರ್ಮೋನ್ ತಜ್ಞರೊಬ್ಬರು ಸಾರ್ವಜನಿಕರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ. ರೋಗಿಗಳ ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಲಾಗಿದೆ.)

ಇಂದಿನ ಮಾತನ್ನು ಒಂದು ಪತ್ರದಿಂದ ಆರಂಭಿಸುತ್ತೇನೆ. ಬರೆದ ಯುವಕನ ಅನುಮತಿ ಪಡೆದು ಅದನ್ನು ಅವರ ಮಾತಿನಲ್ಲೇ ಓದುತ್ತಿದ್ದೇನೆ.

"ಮಾನ್ಯ ಡಾಕ್ಟರ್ ಅವರಿಗೆ ನಮಸ್ಕಾರಗಳು. ನನಗೆ 20 ವರ್ಷ 3 ತಿಂಗಳು. ನನ್ನ ಎತ್ತರ 163 ಸೆಂಟಿಮೀಟರ್. ತಂದೆ 168, ತಾಯಿ 155. ನನಗಿಂತ ಮೂರು ವರ್ಷ ಚಿಕ್ಕವನಾದ ತಮ್ಮ ಈಗಾಗಲೇ 169 ಆಗಿದ್ದಾನೆ. ಹದಿನೆಂಟಾದ ಮೇಲೆ ಎತ್ತರ ಹೆಚ್ಚುವುದಿಲ್ಲ ಎಂದು ಕೆಲವರು ಹೇಳುತ್ತಾರೆ, ಇಪ್ಪತ್ತೈದರವರೆಗೂ ಹೆಚ್ಚುತ್ತದೆ ಎಂದು ಇನ್ನು ಕೆಲವರು ಹೇಳುತ್ತಾರೆ. ಎಂಟು ತಿಂಗಳಿನಿಂದ ದಿನವೂ ಕಂಬಿಗೆ ಜೋತುಬೀಳುತ್ತಿದ್ದೇನೆ. ಬೆಳಿಗ್ಗೆ ಅಳೆದರೆ ಒಂದು ಸೆಂಟಿಮೀಟರಿನಷ್ಟು ಬೆಳೆದಂತೆ ಕಾಣುತ್ತದೆ, ರಾತ್ರಿ ಅಳೆದರೆ ಅದು ಇರುವುದಿಲ್ಲ. ವ್ಯಾಯಾಮಶಾಲೆಯ ಸ್ನೇಹಿತರೊಬ್ಬರು ಟೆಸ್ಟೊಸ್ಟೆರಾನ್ ಇಂಜೆಕ್ಷನ್ ತೆಗೆದುಕೋ ಎನ್ನುತ್ತಾರೆ, ಇನ್ನೊಬ್ಬರು ಗ್ರೋತ್ ಹಾರ್ಮೋನ್ ಎನ್ನುತ್ತಾರೆ. ಹಣವನ್ನು ಹೇಗಾದರೂ ಹೊಂದಿಸಿಕೊಳ್ಳುತ್ತೇನೆ. ನನ್ನ ಎತ್ತರ ಇನ್ನೂ ಹೆಚ್ಚಬಹುದೇ? ಇಲ್ಲವಾದರೆ ಇಲ್ಲವೆಂದೇ ತಿಳಿಸಿ, ಕಾಯುವುದನ್ನಾದರೂ ಬಿಡುತ್ತೇನೆ."

ಇದರ ಕೆಳಗೆ ಸಹಿ ಇದೆ. ಸಹಿಯ ಕೆಳಗೆ, ಕಾಗದದಲ್ಲಿ ಉಳಿದ ಸ್ವಲ್ಪ ಜಾಗದಲ್ಲಿ, ಸಣ್ಣ ಅಕ್ಷರಗಳಲ್ಲಿ ಹೀಗೆ ಬರೆದಿದ್ದಾರೆ: "ನನ್ನ ಧ್ವನಿ ಒಡೆದದ್ದು ಹದಿನೇಳರಲ್ಲಿ. ಮೊದಲ ಸಲ ಗಡ್ಡ ತೆಗೆದದ್ದು ಹೋದ ವರ್ಷ. ತಂದೆಯೂ ಓರಗೆಯವರಿಗಿಂತ ತಡವಾಗಿಯೇ ಉದ್ದವಾದರಂತೆ. ಇದು ಮುಖ್ಯವೋ ಅಲ್ಲವೋ ನನಗೆ ಗೊತ್ತಿಲ್ಲ."

ಎತ್ತರದ ಬಗ್ಗೆ ಯುವಕರು ಬರೆಯುವ ಪತ್ರಗಳು ನನಗೆ ಹೊಸವಲ್ಲ. ಅವುಗಳಲ್ಲಿ ಬಹುಪಾಲಿಗೆ ಉತ್ತರವೂ ಒಂದೇ: ಇಲ್ಲ, ಇನ್ನು ಹೆಚ್ಚುವುದಿಲ್ಲ. ಈ ಪತ್ರದ ಮೊದಲ ಪುಟವನ್ನಷ್ಟೇ ಓದಿದ್ದರೆ ನಾನು ಅದನ್ನೇ ಬರೆದು ಕಳುಹಿಸುತ್ತಿದ್ದೆನೇನೋ. ಸಹಿಯ ಕೆಳಗಿನ ಆ ಸಾಲುಗಳನ್ನು ಓದಿದ ಮೇಲೆ ಹಾಗೆ ಬರೆಯುವುದು ಸರಿಯೆನಿಸಲಿಲ್ಲ. ನೋಡದೆ ಹೇಳಲಾರೆ, ಒಮ್ಮೆ ಬನ್ನಿ, ಸಾಧ್ಯವಾದರೆ ತಂದೆ ತಾಯಿಯನ್ನೂ ಕರೆತನ್ನಿ, ಅಲ್ಲಿಯವರೆಗೆ ಯಾವ ಇಂಜೆಕ್ಷನ್ನನ್ನೂ ಮುಟ್ಟಬೇಡಿ ಎಂದು ಬರೆದೆ. ಹಾಗೆ ಏಕೆ ಬರೆದೆ, ಅವರು ಬಂದಾಗ ಏನು ಕಂಡಿತು ಎಂಬುದನ್ನು ಹೇಳುವುದೇ ಇಂದಿನ ನನ್ನ ಕೆಲಸ.

ನಮ್ಮ ಕೈಕಾಲುಗಳ ಉದ್ದ ಮೂಳೆಗಳು ನಡುವಿನಿಂದ ಹಿಗ್ಗುವುದಿಲ್ಲ, ತುದಿಗಳ ಸಮೀಪದಲ್ಲಿ ಬೆಳೆಯುತ್ತವೆ. ಬೆಳೆಯುವ ಮಗುವಿನ ಮೂಳೆಯ ತುದಿಗೂ ದಂಡಕ್ಕೂ ನಡುವೆ ಮೃದ್ವಸ್ಥಿಯ ಒಂದು ತೆಳುವಾದ ಬಿಲ್ಲೆ ಇರುತ್ತದೆ. ಅದಕ್ಕೆ ಬೆಳವಣಿಗೆ ಫಲಕ, ಅಂದರೆ ಗ್ರೋತ್ ಪ್ಲೇಟ್, ಎಂದು ಹೆಸರು. ಅದರೊಳಗಿನ ಜೀವಕೋಶಗಳು ನಾಣ್ಯಗಳನ್ನು ಪೇರಿಸಿಟ್ಟಂತೆ ಸಾಲಾಗಿ ನಿಂತಿರುತ್ತವೆ. ತುದಿಯ ಕಡೆಯ ಕೋಶಗಳು ಒಡೆದು ಎರಡಾಗುತ್ತವೆ, ದಂಡದ ಕಡೆ ಸರಿದ ಕೋಶಗಳು ಉಬ್ಬಿ ದೊಡ್ಡದಾಗುತ್ತವೆ, ಕೊನೆಗೆ ಅವು ಇದ್ದ ಜಾಗದಲ್ಲಿ ಸುಣ್ಣದ ಅಂಶ ಕೂಡಿ ಹೊಸ ಮೂಳೆ ಮೂಡುತ್ತದೆ. ಒಂದು ಕಡೆ ಮೃದ್ವಸ್ಥಿ ಹುಟ್ಟುತ್ತಿರುವಷ್ಟು ಕಾಲ, ಇನ್ನೊಂದು ಕಡೆ ಅದು ಮೂಳೆಯಾಗುತ್ತಿರುವಷ್ಟು ಕಾಲ ಉದ್ದ ಹೆಚ್ಚುತ್ತದೆ. ಈ ಕೋಶಗಳು ಒಡೆಯುವ ಸಾಮರ್ಥ್ಯಕ್ಕೆ ಮಿತಿಯಿದೆ. ಅದು ತೀರುತ್ತ ಬಂದಂತೆ ಫಲಕ ತೆಳುವಾಗುತ್ತದೆ, ಮೂಳೆ ಅದನ್ನು ದಾಟಿ ಎರಡೂ ಬದಿಗಳನ್ನು ಬೆಸೆದುಬಿಡುತ್ತದೆ. ಹೀಗೆ ಬೆಸೆದ ಫಲಕ ಮತ್ತೆ ತೆರೆಯುವುದಿಲ್ಲ, ಏಕೆಂದರೆ ಅಲ್ಲಿ ಒಡೆಯಬಲ್ಲ ಮೃದ್ವಸ್ಥಿಯ ಕೋಶವೇ ಉಳಿದಿರುವುದಿಲ್ಲ.

ಆದ್ದರಿಂದ ಎತ್ತರ ಹೆಚ್ಚಬಹುದೇ ಎಂಬ ಪ್ರಶ್ನೆಯ ನಿಜವಾದ ರೂಪ, ಫಲಕಗಳು ಇನ್ನೂ ತೆರೆದಿವೆಯೇ ಎಂಬುದು. ಹದಿನೆಂಟು, ಇಪ್ಪತ್ತು, ಇಪ್ಪತ್ತೈದು ಎಂಬ ಸಂಖ್ಯೆಗಳು ಅದಕ್ಕೆ ಉತ್ತರ ಹೇಳಲಾರವು. ಫಲಕಕ್ಕೆ ಹುಟ್ಟಿದ ದಿನಾಂಕ ಗೊತ್ತಿಲ್ಲ. ಹರೆಯದ ಹಾರ್ಮೋನುಗಳು ತನ್ನ ಮೇಲೆ ಎಷ್ಟು ಕಾಲ ಕೆಲಸ ಮಾಡಿವೆ ಎಂಬುದಷ್ಟೇ ಅದಕ್ಕೆ ಗೊತ್ತು.

ಇಲ್ಲಿ ಒಂದು ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಇಂಜೆಕ್ಷನ್ನಿನ ಪ್ರಶ್ನೆಗೆ ಉತ್ತರ ಇದರೊಳಗೇ ಇದೆ. ಗಂಡುಮಕ್ಕಳ ಫಲಕಗಳನ್ನು ಮುಚ್ಚಿಸುವುದು ಟೆಸ್ಟೊಸ್ಟೆರಾನ್ ಎಂದು ವೈದ್ಯರು ಬಹುಕಾಲ ನಂಬಿದ್ದರು. ಗಂಡಸಿನ ಹಾರ್ಮೋನು ಗಂಡಸಿನ ಮೂಳೆಯನ್ನು ಪಕ್ವಗೊಳಿಸುತ್ತದೆ ಎಂಬುದು ಸಹಜವಾದ ಊಹೆಯೇ ಆಗಿತ್ತು. 1994ರಲ್ಲಿ 28 ವರ್ಷದ ಒಬ್ಬ ಪುರುಷನ ವರದಿ ಪ್ರಕಟವಾಯಿತು. ಆತನ ಎತ್ತರ 204 ಸೆಂಟಿಮೀಟರ್, ಹರೆಯದ ಬದಲಾವಣೆಗಳೆಲ್ಲ ಸರಿಯಾಗಿ ಆಗಿದ್ದವು, ಟೆಸ್ಟೊಸ್ಟೆರಾನ್ ಮಟ್ಟವೂ ಸರಿಯಾಗಿಯೇ ಇತ್ತು. ಆದರೂ ಮೂಳೆಗಳು 15 ವರ್ಷದ ಹುಡುಗನವುಗಳಂತಿದ್ದವು, ಫಲಕಗಳು ತೆರೆದೇ ಇದ್ದವು, ಆತ ಇನ್ನೂ ಬೆಳೆಯುತ್ತಲೇ ಇದ್ದ. ಪರೀಕ್ಷಿಸಿದಾಗ ತಿಳಿದದ್ದೆಂದರೆ, ಒಂದು ಜೀನಿನ ದೋಷದಿಂದಾಗಿ ಆತನ ದೇಹಕ್ಕೆ ಈಸ್ಟ್ರೊಜೆನ್ನಿನ ಸಂದೇಶವನ್ನು ಗ್ರಹಿಸುವ ಶಕ್ತಿಯೇ ಇರಲಿಲ್ಲ. ನಾವು ಹೆಣ್ಣಿನ ಹಾರ್ಮೋನು ಎಂದು ಕರೆಯುತ್ತ ಬಂದ ಈಸ್ಟ್ರೊಜೆನ್ನೇ ಗಂಡಸಿನ ಬೆಳವಣಿಗೆ ಫಲಕವನ್ನೂ ಮುಚ್ಚುತ್ತದೆ ಎಂಬುದು ಹೀಗೆ ಗೊತ್ತಾಯಿತು. ಗಂಡಸಿನ ದೇಹ ತನ್ನ ಟೆಸ್ಟೊಸ್ಟೆರಾನ್‌ನಲ್ಲಿ ಒಂದು ಪಾಲನ್ನು ಅರೊಮಟೇಸ್ ಎಂಬ ಕಿಣ್ವದ ಮೂಲಕ ಈಸ್ಟ್ರೊಜೆನ್ ಆಗಿ ಮಾರ್ಪಡಿಸಿಕೊಳ್ಳುತ್ತದೆ. ಹುಟ್ಟಿನಿಂದ ಈ ಕಿಣ್ವವಿಲ್ಲದ ಕೆಲವು ಪುರುಷರಲ್ಲಿಯೂ ಫಲಕಗಳು ಮುಚ್ಚದೆ ಉಳಿದಿದ್ದವು, ಈಸ್ಟ್ರೊಜೆನ್ ಕೊಟ್ಟ ಮೇಲೆ ಮುಚ್ಚಿಕೊಂಡವು. ನನ್ನ ಕ್ಷೇತ್ರದಲ್ಲಿ ಒಬ್ಬನೇ ರೋಗಿ ಹಳೆಯ ತಿಳುವಳಿಕೆಯೊಂದನ್ನು ಇಷ್ಟು ಪೂರ್ಣವಾಗಿ ಬದಲಿಸಿದ ಉದಾಹರಣೆಗಳು ಬಹಳ ಇಲ್ಲ.

ಈಗ ಪತ್ರದ ಆ ಸಾಲುಗಳಿಗೆ ಮರಳೋಣ. ಹುಡುಗರಲ್ಲಿ ಹರೆಯ ಸಾಮಾನ್ಯವಾಗಿ ಹನ್ನೊಂದು ಹನ್ನೆರಡರ ಸುಮಾರಿಗೆ, ವೃಷಣಗಳು ದೊಡ್ಡದಾಗುವುದರೊಂದಿಗೆ, ಆರಂಭವಾಗುತ್ತದೆ. ಹದಿನಾಲ್ಕು ತುಂಬಿದರೂ ಅದು ಆರಂಭವಾಗದಿದ್ದರೆ ತಡವಾಗಿದೆ ಎನ್ನುತ್ತೇವೆ. ಎತ್ತರ ಅತ್ಯಂತ ವೇಗವಾಗಿ ಹೆಚ್ಚುವ ವರ್ಷ ಸರಾಸರಿ ಹದಿಮೂರೂವರೆ ಹದಿನಾಲ್ಕರ ಸುಮಾರಿಗೆ ಬರುತ್ತದೆ, ಧ್ವನಿಯೂ ಹೆಚ್ಚುಕಡಿಮೆ ಆ ಹೊತ್ತಿಗೇ ಒಡೆಯುತ್ತದೆ. ಹದಿನೇಳರಲ್ಲಿ ಧ್ವನಿ ಒಡೆದಿದೆಯೆಂದರೆ ಈ ಯುವಕನ ಹರೆಯ ಎರಡು ಮೂರು ವರ್ಷ ಹಿಂದೆ ಉಳಿದಿತ್ತು ಎಂದು ಅರ್ಥ. ತಂದೆಯೂ ಹಾಗೆಯೇ ಇದ್ದರೆಂದರೆ ಇದು ರೋಗವಾಗಿರದೆ, ಕುಟುಂಬದಲ್ಲಿ ಹರಿದುಬಂದ ನಿಧಾನ ಬೆಳವಣಿಗೆಯಾಗಿರುವ ಸಾಧ್ಯತೆಯೇ ಹೆಚ್ಚು. ಇಂಥವರ ಫಲಕಗಳ ಮೇಲೆ ಈಸ್ಟ್ರೊಜೆನ್ನಿನ ಕೆಲಸ ತಡವಾಗಿ ಆರಂಭವಾಗಿರುತ್ತದೆ, ಆದ್ದರಿಂದ ತಡವಾಗಿ ಮುಗಿಯುತ್ತದೆ. ಇಪ್ಪತ್ತರಲ್ಲಿ ಅದು ಮುಗಿದಿದೆಯೋ ಇಲ್ಲವೋ ಎಂಬುದನ್ನು ಪತ್ರ ಓದಿ ಹೇಳಲಾಗದು.

ಅವರು ತಂದೆ ತಾಯಿಯೊಂದಿಗೆ ಬಂದರು. ಮೊದಲು ಮಾಡಿದ್ದು ಅಳತೆ. ಬಹಳ ಜನ ಇದನ್ನು ಸಣ್ಣ ವಿಷಯವೆಂದು ಭಾವಿಸುತ್ತಾರೆ, ಆದರೆ ಎತ್ತರದ ಬಗೆಗಿನ ತಪ್ಪು ತೀರ್ಮಾನಗಳಲ್ಲಿ ಎಷ್ಟೋ ಹುಟ್ಟುವುದು ಇಲ್ಲಿಯೇ. ಗೋಡೆಗೆ ಪೆನ್ಸಿಲ್ ಗೆರೆ ಎಳೆದು, ತಲೆಯ ಮೇಲೆ ಪುಸ್ತಕವಿಟ್ಟು ಅಳೆದರೆ ಒಂದು ಸೆಂಟಿಮೀಟರ್ ಅತ್ತಿತ್ತ ಆಗುವುದು ಸಾಮಾನ್ಯ. ನಾವು ಸ್ಟೇಡಿಯೋಮೀಟರ್ ಎಂಬ ಎತ್ತರದ ಮಾಪಕವನ್ನು ಬಳಸುತ್ತೇವೆ. ಬರಿಗಾಲಿನಲ್ಲಿ, ಹಿಮ್ಮಡಿ ಒತ್ತಿ ನಿಲ್ಲಬೇಕು, ಕಣ್ಣಿನ ಗೂಡಿನ ಕೆಳ ಅಂಚೂ ಕಿವಿಯ ರಂಧ್ರದ ಮೇಲಂಚೂ ಒಂದೇ ಸಮತಲದಲ್ಲಿ ಬರುವಂತೆ ತಲೆಯನ್ನು ಹಿಡಿಯಬೇಕು. ಮೂರು ಸಲ ಅಳೆದು ಸರಾಸರಿ ತೆಗೆಯುತ್ತೇವೆ. ಮುಂದಿನ ಭೇಟಿಯಲ್ಲೂ ಅದೇ ಹೊತ್ತಿಗೆ, ಸಾಧ್ಯವಾದರೆ ಅದೇ ವ್ಯಕ್ತಿಯಿಂದ ಅಳೆಸುತ್ತೇವೆ. ಇಷ್ಟೆಲ್ಲ ಮಾಡಿದರೂ ಮೂರು ನಾಲ್ಕು ಮಿಲಿಮೀಟರಿನ ದೋಷ ಉಳಿದೇ ಉಳಿಯುತ್ತದೆ.

ದಿನದ ಯಾವ ಹೊತ್ತು ಎಂಬುದು ಏಕೆ ಮುಖ್ಯವೆಂದರೆ, ಬೆನ್ನೆಲುಬಿನ ಮಣಿಗಳ ನಡುವೆ ಇರುವ ಡಿಸ್ಕ್‌ಗಳು ರಾತ್ರಿ ಮಲಗಿದಾಗ ನೀರು ಹೀರಿ ಉಬ್ಬುತ್ತವೆ, ಹಗಲು ದೇಹದ ಭಾರಕ್ಕೆ ನೀರು ಬಿಟ್ಟು ತೆಳುವಾಗುತ್ತವೆ. ಇದರಿಂದ ಪ್ರತಿಯೊಬ್ಬರೂ ಬೆಳಿಗ್ಗೆ ಏಳುವಾಗ ಸಂಜೆಗಿಂತ ಒಂದರಿಂದ ಎರಡು ಸೆಂಟಿಮೀಟರಿನಷ್ಟು ಎತ್ತರವಾಗಿರುತ್ತಾರೆ, ಎದ್ದ ಮೊದಲ ಕೆಲವು ಗಂಟೆಗಳಲ್ಲೇ ಅದರ ಬಹುಪಾಲು ಇಳಿದುಹೋಗುತ್ತದೆ. ಕಂಬಿಗೆ ಜೋತುಬಿದ್ದಾಗ ಹಿಗ್ಗುವುದೂ ಇದೇ ಡಿಸ್ಕ್‌ಗಳು. ಭಾರವಿಲ್ಲದ ಬಾಹ್ಯಾಕಾಶದಲ್ಲಿ ತಿಂಗಳುಗಟ್ಟಲೆ ಇರುವ ಯಾನಿಗಳು ಕೆಲವು ಸೆಂಟಿಮೀಟರ್ ಉದ್ದವಾಗುತ್ತಾರೆ, ಭೂಮಿಗೆ ಮರಳಿದ ಮೇಲೆ ಮೊದಲಿನಂತಾಗುತ್ತಾರೆ. ತಿಂಗಳುಗಟ್ಟಲೆ ಭಾರವೇ ಇಲ್ಲದಿದ್ದರೂ ಉಳಿಯದ ಉದ್ದ ದಿನಕ್ಕೆ ಹತ್ತು ನಿಮಿಷ ಜೋತುಬಿದ್ದರೆ ಉಳಿಯಲಾರದು. ಬೆಳಿಗ್ಗೆ ಬೆಳೆದು ರಾತ್ರಿ ಇಲ್ಲವಾಗುವ ಆ ಸೆಂಟಿಮೀಟರನ್ನು ಅವರು ಎಂಟು ತಿಂಗಳು ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದರು. ಅದನ್ನು ನನಗೆ ತೋರಿಸಿದರು. ಅಷ್ಟು ಶ್ರದ್ಧೆಯಿಂದ ಅಳೆದವರಿಗೆ, ನೀವು ಅಳೆದದ್ದು ನಿಜ, ಆದರೆ ಅದು ಮೂಳೆಯದಲ್ಲ ಎಂದು ಹೇಳುವಾಗ ನನಗೂ ಸಂಕಟವಾಯಿತು.

ನಮ್ಮ ಮಾಪಕದಲ್ಲಿ ಅವರ ಎತ್ತರ 162.6 ಸೆಂಟಿಮೀಟರ್ ಬಂತು. ತಂದೆಯದು 168 ಅಲ್ಲ, 166. ತಾಯಿಯದು 155 ಅಲ್ಲ, 154. ತಮ್ಮ ಎತ್ತರವನ್ನು ಜನ ಸ್ವಲ್ಪ ಹೆಚ್ಚಿಸಿಯೇ ನೆನಪಿಟ್ಟುಕೊಳ್ಳುತ್ತಾರೆ, ಅದಕ್ಕಾಗಿಯೇ ಪೋಷಕರನ್ನು ಕರೆತರಲು ಹೇಳುತ್ತೇನೆ. ಗಂಡುಮಗನ ನಿರೀಕ್ಷಿತ ಎತ್ತರವನ್ನು ತಿಳಿಯಲು ತಂದೆ ತಾಯಿಯರ ಎತ್ತರಗಳನ್ನು ಕೂಡಿಸಿ, ಅದಕ್ಕೆ 13 ಸೇರಿಸಿ, ಎರಡರಿಂದ ಭಾಗಿಸುತ್ತೇವೆ. ಆ 13 ಎಂಬುದು ಗಂಡಸರ ಮತ್ತು ಹೆಂಗಸರ ಸರಾಸರಿ ಎತ್ತರಗಳ ನಡುವಿನ ವ್ಯತ್ಯಾಸ. 166, 154, 13 ಕೂಡಿದರೆ 333, ಅದರ ಅರ್ಧ 166.5. ಇದರ ಎರಡೂ ಕಡೆ ಎಂಟು ಒಂಬತ್ತು ಸೆಂಟಿಮೀಟರ್ ಅಂತರದೊಳಗೆ ಎಲ್ಲಿ ನಿಂತರೂ ಅದು ಆ ಕುಟುಂಬಕ್ಕೆ ಸಹಜವಾದ ಎತ್ತರವೇ. 162.6 ಅದರೊಳಗೆ ಆರಾಮವಾಗಿ ಕೂರುತ್ತದೆ. 169ರ ತಮ್ಮನೂ ಅದರೊಳಗೇ ಇದ್ದಾನೆ. ಒಂದೇ ತಂದೆ ತಾಯಿಯ ಮಕ್ಕಳಿಬ್ಬರ ನಡುವೆ ಆರೇಳು ಸೆಂಟಿಮೀಟರ್ ವ್ಯತ್ಯಾಸವಿದ್ದರೆ ಅದನ್ನು ವಿವರಿಸಲು ಯಾವ ರೋಗವೂ ಬೇಕಿಲ್ಲ.

ದೇಹ ಪರೀಕ್ಷೆಯಲ್ಲಿ ವೃಷಣಗಳ ಗಾತ್ರ ವಯಸ್ಕರಷ್ಟೇ ಇತ್ತು, ಹರೆಯ ಪೂರ್ಣವಾಗಿತ್ತು. ತೋಳುಗಳನ್ನು ಚಾಚಿದಾಗಿನ ಉದ್ದವೂ ಎತ್ತರವೂ ಹೆಚ್ಚುಕಡಿಮೆ ಸಮನಾಗಿದ್ದವು. ಥೈರಾಯ್ಡ್ ಪರೀಕ್ಷೆ ಸರಿಯಿತ್ತು, ದೀರ್ಘಕಾಲದ ಕಾಯಿಲೆಯ ಸುಳಿವೂ ಇರಲಿಲ್ಲ. ಉಳಿದದ್ದು ಎಡಗೈಯ ಎಕ್ಸ್-ರೇ.

ಎಡಗೈ ಮತ್ತು ಮಣಿಕಟ್ಟಿನ ಒಂದೇ ಚಿತ್ರದಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಣ್ಣ ದೊಡ್ಡ ಮೂಳೆಗಳು ಕಾಣುತ್ತವೆ, ಅವುಗಳಲ್ಲಿ ಹಲವಕ್ಕೆ ಬೆಳವಣಿಗೆ ಫಲಕಗಳಿವೆ. ಅವು ಒಂದು ಕ್ರಮದಲ್ಲಿ ಮುಚ್ಚುತ್ತವೆ: ಮೊದಲು ಬೆರಳ ತುದಿಯವು, ಆಮೇಲೆ ಬೆರಳಿನ ಉಳಿದ ಮೂಳೆಗಳವು, ಕೊನೆಯಲ್ಲಿ ಮುಂಗೈಯ ಎರಡು ಮೂಳೆಗಳ ಮಣಿಕಟ್ಟಿನ ಕಡೆಯ ತುದಿಗಳವು. ತೆರೆದ ಫಲಕ ಎಕ್ಸ್-ರೇಯಲ್ಲಿ ಕಪ್ಪು ಪಟ್ಟಿಯಾಗಿ ಕಾಣುತ್ತದೆ, ಮೃದ್ವಸ್ಥಿ ಕಿರಣವನ್ನು ತಡೆಯುವುದಿಲ್ಲವಾದ್ದರಿಂದ. ಮುಚ್ಚುತ್ತಿರುವಾಗ ಅದು ಅಲ್ಲಲ್ಲಿ ತುಂಡಾದ ಗೆರೆಯಾಗುತ್ತದೆ. ಮುಚ್ಚಿದ ಮೇಲೆ ಕೆಲವು ಕಾಲ ಒಂದು ಬಿಳಿಯ ಗೆರೆ ಮಾತ್ರ ಉಳಿದಿರುತ್ತದೆ, ಅದು ಗಾಯ ಮಾಸಿದ ಗುರುತಿನಂತೆ, ಅಲ್ಲಿ ಬೆಳವಣಿಗೆ ಇಲ್ಲ. ಆ ಬಿಳಿ ಗೆರೆಯನ್ನು ಕಂಡು "ಫಲಕ ಇನ್ನೂ ಇದೆ" ಎಂದು ಯಾರೋ ಹೇಳಿದ್ದನ್ನು ನಂಬಿ ಬಂದವರನ್ನು ನಾನು ನೋಡಿದ್ದೇನೆ. ಈ ಚಿತ್ರವನ್ನು ಗ್ರೂಲಿಕ್ ಮತ್ತು ಪೈಲ್ ಅವರ ಚಿತ್ರಸಂಪುಟದ ಮಾದರಿಗಳೊಂದಿಗೆ ಹೋಲಿಸಿ ಮೂಳೆಯ ವಯಸ್ಸನ್ನು ಗುರುತಿಸುತ್ತೇವೆ. ಆ ಮಾದರಿಗಳು ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದ ಅನುಕೂಲಸ್ಥ ಕುಟುಂಬಗಳ ಮಕ್ಕಳಿಂದ ಕಳೆದ ಶತಮಾನದ ಮೊದಲರ್ಧದಲ್ಲಿ ಪಡೆದವು, ಎಲ್ಲ ಜನಾಂಗಗಳಿಗೂ ಎಲ್ಲ ಕಾಲಕ್ಕೂ ಅವು ಕರಾರುವಾಕ್ಕಾಗಿ ಹೊಂದುವುದಿಲ್ಲ. ಒಂದೇ ಚಿತ್ರವನ್ನು ಇಬ್ಬರು ಅನುಭವಿ ವೈದ್ಯರು ಓದಿದಾಗ ಅರ್ಧ ವರ್ಷದ ವ್ಯತ್ಯಾಸ ಬರುವುದೂ ಉಂಟು. ಎಕ್ಸ್-ರೇ ಎಂದಾಗ ತಾಯಿ ಆತಂಕಗೊಂಡರು. ಕೈಯ ಒಂದು ಚಿತ್ರದಿಂದ ತಗಲುವ ವಿಕಿರಣ, ಪ್ರಕೃತಿಯಿಂದ ಒಂದು ದಿನದಲ್ಲಿ ನಮಗೆ ತಗಲುವುದಕ್ಕಿಂತ ಕಡಿಮೆ ಎಂದು ತಿಳಿಸಿದೆ.

ಚಿತ್ರದಲ್ಲಿ ಬೆರಳುಗಳ ಫಲಕಗಳೆಲ್ಲ ಮುಚ್ಚಿದ್ದವು. ಮಣಿಕಟ್ಟಿನಲ್ಲಿ, ಹೆಬ್ಬೆರಳಿನ ಕಡೆಯ ಮೂಳೆಯ ತುದಿಯಲ್ಲಿ, ಒಂದು ತೆಳುವಾದ ಕಪ್ಪು ಗೆರೆ ಇನ್ನೂ ಇತ್ತು, ನಡುವೆ ಮಾತ್ರ ಬೆಸುಗೆ ಆರಂಭವಾಗಿತ್ತು. ಮೂಳೆಯ ವಯಸ್ಸು ಹದಿನೇಳರ ಆಸುಪಾಸು. ಇಪ್ಪತ್ತು ವರ್ಷದ ಯುವಕನಲ್ಲಿ ಹದಿನೇಳರ ಮೂಳೆ. ಪತ್ರದ ಕೊನೆಯ ಸಾಲುಗಳು ಹೇಳಿದ್ದೂ ಇದನ್ನೇ.

ಅವರ ಮುಖ ಅರಳಿದ್ದನ್ನು ಕಂಡೆ. ಆದರೆ ಇಲ್ಲಿಯೇ ಎಚ್ಚರ ಬೇಕಾದದ್ದು. ತೆರೆದಿದೆ ಎಂಬ ಮಾತಿಗೂ ಎಷ್ಟು ಉಳಿದಿದೆ ಎಂಬ ಮಾತಿಗೂ ಬಹಳ ಅಂತರವಿದೆ. ಮೂಳೆಯ ವಯಸ್ಸು ಹದಿನೇಳಾಗಿರುವ ಹುಡುಗ ತನ್ನ ಅಂತಿಮ ಎತ್ತರದ ಶೇಕಡಾ 99ರಷ್ಟನ್ನು ಆಗಲೇ ತಲುಪಿರುತ್ತಾನೆ ಎಂದು ಬಳಕೆಯಲ್ಲಿರುವ ಕೋಷ್ಟಕಗಳು ಹೇಳುತ್ತವೆ. 162.6 ಅನ್ನು 0.99ರಿಂದ ಭಾಗಿಸಿದರೆ ಸುಮಾರು 164.2 ಬರುತ್ತದೆ. ಅಂದರೆ ಉಳಿದಿರಬಹುದಾದದ್ದು ಹೆಚ್ಚೆಂದರೆ ಒಂದೂವರೆ ಸೆಂಟಿಮೀಟರ್, ಅದೂ ಕೋಷ್ಟಕ ನಿಖರವಾಗಿದ್ದರೆ. ಅದಲ್ಲದೆ ಮಣಿಕಟ್ಟು ಕಾಲಲ್ಲ. ಮಣಿಕಟ್ಟಿನ ಈ ಫಲಕ ಮುಚ್ಚುವುದು ಎತ್ತರಕ್ಕೆ ಹೆಚ್ಚು ಪಾಲು ಕೊಡುವ ಮೊಣಕಾಲಿನ ಫಲಕಗಳು ಮುಚ್ಚಿದ ಮೇಲೆ. ಸಂಶಯ ಬೇಡವೆಂದು ಮೊಣಕಾಲಿನ ಚಿತ್ರವನ್ನೂ ತೆಗೆಸಿದೆ: ತೊಡೆಯ ಮೂಳೆ, ಕಣಕಾಲಿನ ಮೂಳೆ ಎರಡೂ ಕಡೆ ಬೆಸುಗೆ ಮುಗಿದಿತ್ತು. ಅವರ ಕಾಲುಗಳು ಇನ್ನು ಬೆಳೆಯುವುದಿಲ್ಲ. ಬೆಳವಣಿಗೆ ಏನಾದರೂ ಉಳಿದಿದ್ದರೆ ಅದು ಬೆನ್ನೆಲುಬಿನಲ್ಲಿ, ಏಕೆಂದರೆ ಮುಂಡದ ಬೆಳವಣಿಗೆ ಕಾಲುಗಳದಕ್ಕಿಂತ ಸ್ವಲ್ಪ ತಡವಾಗಿ ನಿಲ್ಲುತ್ತದೆ. ಇಪ್ಪತ್ತರ ನಂತರವೂ ಬೆಳೆದೆ ಎಂದು ಹೇಳುವವರಲ್ಲಿ ಕೆಲವರ ಮಾತು ನಿಜವಾಗಿರುವುದು ಬಹುತೇಕ ಈ ಕಾರಣಕ್ಕೆ, ಆ ಬೆಳವಣಿಗೆಯ ಪ್ರಮಾಣವೂ ಇಷ್ಟೇ ಸಣ್ಣದು.

ಇನ್ನು ಇಂಜೆಕ್ಷನ್ನುಗಳ ಮಾತು. ಅವರ ಸ್ನೇಹಿತರು ಹೇಳಿದ ಟೆಸ್ಟೊಸ್ಟೆರಾನ್ ಅವರ ದೇಹದಲ್ಲಿ ಏನು ಮಾಡುತ್ತಿತ್ತು ಎಂಬುದನ್ನು ನೀವೀಗ ಊಹಿಸಬಹುದು. ಹೊರಗಿನಿಂದ ಹೆಚ್ಚು ಪ್ರಮಾಣದಲ್ಲಿ ಬಂದ ಟೆಸ್ಟೊಸ್ಟೆರಾನ್‌ನಲ್ಲಿ ಒಂದು ಪಾಲು ಈಸ್ಟ್ರೊಜೆನ್ ಆಗುತ್ತಿತ್ತು, ಅದು ಉಳಿದಿದ್ದ ಆ ತೆಳು ಗೆರೆಯನ್ನೂ ಬೇಗ ಮುಚ್ಚಿಬಿಡುತ್ತಿತ್ತು. ಎತ್ತರಕ್ಕೆಂದು ತೆಗೆದುಕೊಂಡ ಔಷಧವೇ ಉಳಿದಿದ್ದ ಅಲ್ಪ ಎತ್ತರವನ್ನು ಕಸಿದುಕೊಳ್ಳುತ್ತಿತ್ತು. ಜೊತೆಗೆ, ಹೊರಗಿನಿಂದ ಹಾರ್ಮೋನು ಬಂದಾಗ ಮೆದುಳು ವೃಷಣಗಳಿಗೆ ಕಳುಹಿಸುವ ಆದೇಶವನ್ನು ನಿಲ್ಲಿಸುತ್ತದೆ. ವೃಷಣಗಳು ಕುಗ್ಗುತ್ತವೆ, ವೀರ್ಯಾಣುಗಳ ಸಂಖ್ಯೆ ಕುಸಿಯುತ್ತದೆ, ಇಂಜೆಕ್ಷನ್ ಬಿಟ್ಟ ಮೇಲೆ ಅವು ಮರಳಲು ಅನೇಕ ತಿಂಗಳು ಹಿಡಿಯಬಹುದು.

ಗ್ರೋತ್ ಹಾರ್ಮೋನ್ ಒಳ್ಳೆಯ ಔಷಧ, ಅದರ ಕೊರತೆಯಿರುವ ಮಕ್ಕಳ ಬಾಳನ್ನೇ ಅದು ಬದಲಿಸಿದೆ. ಆದರೆ ಅದು ಎತ್ತರ ಹೆಚ್ಚಿಸುವುದು ತೆರೆದ ಫಲಕದ ಮೂಲಕ ಮಾತ್ರ. ಫಲಕ ಮುಚ್ಚಿದ ಮೇಲೆ ಕೊಟ್ಟರೆ ಆ ಹಾರ್ಮೋನು ಸುಮ್ಮನೆ ವ್ಯರ್ಥವಾಗಿ ಹೋಗುವುದಿಲ್ಲ, ಇನ್ನೂ ಬೆಳೆಯಬಲ್ಲ ಬೇರೆ ಅಂಗಾಂಶಗಳನ್ನು ಹುಡುಕಿಕೊಳ್ಳುತ್ತದೆ. ಪಿಟ್ಯುಟರಿ ಗ್ರಂಥಿಯ ಗಡ್ಡೆಯಿಂದ ವಯಸ್ಕರಲ್ಲಿ ಈ ಹಾರ್ಮೋನು ವರ್ಷಗಟ್ಟಲೆ ಹೆಚ್ಚಾಗಿ ಉಳಿದರೆ ಅಕ್ರೊಮೆಗಲಿ ಎಂಬ ಕಾಯಿಲೆ ಬರುತ್ತದೆ. ಎತ್ತರ ಒಂದಿಷ್ಟೂ ಹೆಚ್ಚುವುದಿಲ್ಲ. ಉಂಗುರ ಬಿಗಿಯಾಗುತ್ತದೆ, ಪಾದರಕ್ಷೆಯ ಅಳತೆ ದೊಡ್ಡದಾಗುತ್ತದೆ, ದವಡೆ ಮುಂದಕ್ಕೆ ಬರುತ್ತದೆ, ರಕ್ತದಲ್ಲಿ ಸಕ್ಕರೆ ಏರುತ್ತದೆ, ಹೃದಯದ ಸ್ನಾಯು ದಪ್ಪಗಾಗುತ್ತದೆ. ಹೆಚ್ಚು ಪ್ರಮಾಣದಲ್ಲಿ ಬಹುಕಾಲ ಚುಚ್ಚಿಕೊಂಡವರು ಹೋಗುವುದೂ ಇದೇ ದಾರಿಯಲ್ಲಿ.

ಶಸ್ತ್ರಚಿಕಿತ್ಸೆಯ ಬಗ್ಗೆ ಅವರು ಪತ್ರದಲ್ಲಿ ಬರೆದಿರಲಿಲ್ಲ, ಎದುರು ಕುಳಿತಾಗ ಕೇಳಿದರು. ಮೂಳೆಯನ್ನು ಕತ್ತರಿಸಿ, ಎರಡು ತುಂಡುಗಳನ್ನು ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ದೂರ ಸರಿಸುತ್ತ, ನಡುವೆ ಹೊಸ ಮೂಳೆ ತುಂಬಿಕೊಳ್ಳುವಂತೆ ಮಾಡುವ ವಿಧಾನವನ್ನು ಸೋವಿಯತ್ ಒಕ್ಕೂಟದ ಕುರ್ಗಾನ್‌ನಲ್ಲಿ ಗವ್ರಿಲ್ ಇಲಿಝರೊವ್ ರೂಪಿಸಿದರು. ಮೂಳೆ ಕೂಡದವರಿಗೆ, ಒಂದು ಕಾಲು ಗಿಡ್ಡವಾದವರಿಗೆ ಅದು ದೊಡ್ಡ ವರದಾನ. ಐದು ಸೆಂಟಿಮೀಟರ್ ಬೇಕಾದರೆ ಸರಿಸುವುದಕ್ಕೇ ಐವತ್ತು ದಿನ ಬೇಕು, ಆ ಹೊಸ ಮೂಳೆ ಗಟ್ಟಿಯಾಗಲು ಅದಕ್ಕಿಂತ ಹೆಚ್ಚು ತಿಂಗಳುಗಳು ಬೇಕು. ಮೂಳೆ ಉದ್ದವಾದಷ್ಟು ಸುಲಭವಾಗಿ ಸ್ನಾಯುಗಳೂ ನರಗಳೂ ಉದ್ದವಾಗುವುದಿಲ್ಲ, ಕೀಲು ಮಡಚಿಕೊಂಡು ನಿಲ್ಲುವುದು, ನರ ಸೋಲುವುದು, ಸೋಂಕು, ಮೂಳೆ ಕೂಡದೆ ಉಳಿಯುವುದು ಎಲ್ಲವೂ ಸಂಭವಿಸಬಹುದು. ನೆಟ್ಟಗೆ ನಡೆಯಬಲ್ಲ, ಆರೋಗ್ಯವಂತ, ಕುಟುಂಬಕ್ಕೆ ಸಹಜವಾದ ಎತ್ತರವಿರುವ ಯುವಕನಿಗೆ ನಾನು ಇದನ್ನು ಸಲಹೆ ಮಾಡುವುದಿಲ್ಲ ಎಂದು ನೇರವಾಗಿಯೇ ಹೇಳಿದೆ.

ಈ ಹಂತದಲ್ಲಿ ಸಭೆಯಲ್ಲಿದ್ದ ಒಬ್ಬ ತಾಯಿ, ಇಪ್ಪತ್ತರಲ್ಲಿ ಫಲಕ ಪೂರ್ತಿ ತೆರೆದಿದ್ದರೆ ಅದು ಅದೃಷ್ಟವಲ್ಲವೇ ಎಂದು ಕೇಳಿದರು. ಬಹಳ ಒಳ್ಳೆಯ ಪ್ರಶ್ನೆ. ಅದಕ್ಕೆ ಇನ್ನೊಬ್ಬ ಯುವಕನ ವಿಷಯ ಹೇಳಬೇಕು.

ಅವರಿಗೆ 21 ವರ್ಷ, ಎತ್ತರ 181 ಸೆಂಟಿಮೀಟರ್. ಎತ್ತರದ ದೂರು ಅವರಿಗೆ ಇರಲಿಲ್ಲ, ಗಡ್ಡ ಬರಲಿಲ್ಲವೆಂದು ಬಂದಿದ್ದರು. ಹಿಂದಿನ ವರ್ಷದಲ್ಲಿ ಎರಡು ಸೆಂಟಿಮೀಟರ್ ಬೆಳೆದಿದ್ದರು, ಮನೆಯವರಿಗೆ ಅದು ಸಂತೋಷದ ಸಂಗತಿಯಾಗಿಯೇ ಕಂಡಿತ್ತು. ತೋಳು ಚಾಚಿದ ಉದ್ದ ಎತ್ತರಕ್ಕಿಂತ ಒಂಬತ್ತು ಸೆಂಟಿಮೀಟರ್ ಹೆಚ್ಚಿತ್ತು, ಕಾಲುಗಳು ಮುಂಡಕ್ಕೆ ಹೋಲಿಸಿದರೆ ಬಹಳ ಉದ್ದವಾಗಿದ್ದವು. ವೃಷಣಗಳು ಹರೆಯ ಬಾರದ ಹುಡುಗನವುಗಳಷ್ಟೇ ಇದ್ದವು. ವಾಸನೆ ತಿಳಿಯುತ್ತದೆಯೇ ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ವಾಸನೆ ಎಂದರೆ ಏನೆಂದು ತನಗೆ ಎಂದೂ ತಿಳಿದಿಲ್ಲ, ಎಲ್ಲರೂ ಹೇಳುವುದು ರುಚಿಯ ಬಗ್ಗೆಯೇ ಇರಬೇಕೆಂದು ಭಾವಿಸಿದ್ದೆ ಎಂದರು. ಇದು ಕಾಲ್‌ಮನ್ ಸಿಂಡ್ರೋಮ್. ವಾಸನೆಯ ನರಗಳೂ, ಹರೆಯವನ್ನು ಆರಂಭಿಸುವ ಹಾರ್ಮೋನನ್ನು ಸ್ರವಿಸುವ ನರಕೋಶಗಳೂ ಭ್ರೂಣದಲ್ಲಿ ಮೂಗಿನ ಭಾಗದಿಂದ ಮೆದುಳಿನತ್ತ ಒಟ್ಟಿಗೇ ಸಾಗುತ್ತವೆ. ಆ ಪಯಣ ತಪ್ಪಿದರೆ ಎರಡೂ ಕೆಡುತ್ತವೆ. ಹರೆಯವೇ ಆರಂಭವಾಗಿರಲಿಲ್ಲ, ಆದ್ದರಿಂದ ಫಲಕಗಳು ಮುಚ್ಚಿರಲಿಲ್ಲ. ಇಷ್ಟು ವರ್ಷ ಹರೆಯದ ಹಾರ್ಮೋನುಗಳಿಲ್ಲದೆ ಅವರ ಮೂಳೆಗಳು ಗಟ್ಟಿತನವನ್ನು ಗಳಿಸಿಕೊಂಡಿರಲಿಲ್ಲ. ಅವರಿಗೆ ಟೆಸ್ಟೊಸ್ಟೆರಾನ್ ಬೇಕಾಗಿತ್ತು. ಕಡಿಮೆ ಪ್ರಮಾಣದಲ್ಲಿ ಆರಂಭಿಸಿ, ನಿಧಾನವಾಗಿ ಏರಿಸಿ ಕೊಟ್ಟೆವು. ಆ ಚಿಕಿತ್ಸೆಯ ಗುರಿಗಳಲ್ಲಿ ಫಲಕಗಳನ್ನು ಮುಚ್ಚಿಸುವುದೂ ಒಂದಾಗಿತ್ತು. ಇಪ್ಪತ್ತು ದಾಟಿದ ಮೇಲೂ ವರ್ಷಕ್ಕೆ ಸೆಂಟಿಮೀಟರುಗಟ್ಟಲೆ ಬೆಳೆಯುತ್ತಿರುವ ಮಗ ಮನೆಯಲ್ಲಿದ್ದರೆ, ಸಂತೋಷಪಡುವ ಮೊದಲು ಅವನಿಗೆ ಹರೆಯ ಬಂದಿದೆಯೇ, ವಾಸನೆ ತಿಳಿಯುತ್ತದೆಯೇ ಎಂದು ಕೇಳಿ, ವೈದ್ಯರಿಗೆ ತೋರಿಸಿ. ಆ ತಾಯಿಗೆ ನಾನು ಕೊಟ್ಟ ಉತ್ತರ ಇದು.

ಪತ್ರ ಬರೆದ ಯುವಕನಿಗೆ ಯಾವ ಔಷಧವನ್ನೂ ಕೊಡಲಿಲ್ಲ. ಈಸ್ಟ್ರೊಜೆನ್ ಉತ್ಪತ್ತಿಯನ್ನು ತಡೆದು ಫಲಕ ಮುಚ್ಚುವುದನ್ನು ಮುಂದೂಡುವ ಮಾತ್ರೆಗಳನ್ನು ಕೆಲವು ಹುಡುಗರಲ್ಲಿ ಪ್ರಯತ್ನಿಸಿರುವುದುಂಟು, ಆದರೆ ಅದು ಫಲಕಗಳು ಸಾಕಷ್ಟು ತೆರೆದಿರುವ ವಯಸ್ಸಿನಲ್ಲಿ. ಕಾಲುಗಳ ಬೆಸುಗೆ ಮುಗಿದಿರುವಾಗ, ಮಿಲಿಮೀಟರುಗಳ ಆಸೆಗಾಗಿ, ಗಂಡಸಿನ ಮೂಳೆಯ ಗಟ್ಟಿತನಕ್ಕೂ ಬೇಕಾದ ಈಸ್ಟ್ರೊಜೆನ್ನನ್ನು ತಡೆಯುವುದರಲ್ಲಿ ಅರ್ಥವಿಲ್ಲ. ಆರು ತಿಂಗಳು ಬಿಟ್ಟು ಅದೇ ಹೊತ್ತಿಗೆ ಬನ್ನಿ, ಅಳೆಯೋಣ ಎಂದೆ.

ಆರು ತಿಂಗಳ ನಂತರ 162.9. ಅಳತೆಯ ದೋಷವೇ ಮೂರು ನಾಲ್ಕು ಮಿಲಿಮೀಟರ್ ಇರುವಾಗ ಇದನ್ನು ಬೆಳವಣಿಗೆಯೆಂದು ಕರೆಯಲಾರೆ ಎಂದು ಅವರಿಗೆ ಹೇಳಿದೆ. ಒಂದು ವರ್ಷದ ನಂತರ 163.2. ಕುಳಿತಾಗಿನ ಎತ್ತರ ಮೊದಲ ದಿನ 84.8 ಇದ್ದದ್ದು ಈಗ 85.3 ಆಗಿತ್ತು. ಎರಡೂ ಅಳತೆಗಳು ಒಂದೇ ದಿಕ್ಕಿನಲ್ಲಿ, ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಸಾಗಿದ್ದರಿಂದ, ಅರ್ಧ ಸೆಂಟಿಮೀಟರಿನಷ್ಟು ಬೆಳವಣಿಗೆ ನಿಜವಾಗಿಯೂ ಆಗಿದೆ, ಅದು ಬೆನ್ನೆಲುಬಿನಲ್ಲೇ ಆಗಿದೆ ಎಂದು ಒಪ್ಪಿಕೊಂಡೆ. ಕೋಷ್ಟಕ ಹೇಳಿದ ಒಂದೂವರೆ ಬರಲಿಲ್ಲ. ಮಣಿಕಟ್ಟಿನ ಚಿತ್ರವನ್ನು ಮತ್ತೆ ತೆಗೆಸಿದಾಗ ಕಪ್ಪು ಗೆರೆ ಇದ್ದ ಜಾಗದಲ್ಲಿ ಬಿಳಿಯ ಗೆರೆ ಇತ್ತು. ಎರಡೂ ಚಿತ್ರಗಳನ್ನು ಬೆಳಕಿನ ಪೆಟ್ಟಿಗೆಯ ಮೇಲೆ ಪಕ್ಕಪಕ್ಕದಲ್ಲಿ ಇಟ್ಟು ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು. "ಅಂದರೆ ನಾನು ಪತ್ರದಲ್ಲಿ ಬರೆದ 163 ಈಗ ನಿಜವಾಯಿತು, ಸರ್" ಎಂದರು. ಹೌದು ಎಂದೆ.